ಟ್ಯೂಬ್‌ಲೈಟಿನೊಳಗಿನ ನಿಷೇಧಿತ ಗೆರೆ

ಪ್ರಶ್ನೆ: ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ΔS = 0 ಎಂಬ ಆಯ್ಕೆ ನಿಯಮದಂತೆ ಪಾದರಸದ 253.7 ನ್ಯಾನೊಮೀಟರ್ ಗೆರೆ ನಿಷೇಧಿತ ಎಂದು ಒಂದು ಪಾಠದಲ್ಲಿದೆ. ಟ್ಯೂಬ್‌ಲೈಟ್ ಬೆಳಗುವುದೇ ಆ ಗೆರೆಯಿಂದ ಎಂದು ಇನ್ನೊಂದು ಪಾಠದಲ್ಲಿದೆ. ಎರಡರಲ್ಲಿ ಯಾವುದು ತಪ್ಪು?

ಎರಡೂ ಸರಿ. ಆಯ್ಕೆ ನಿಯಮಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ ಎಲ್ಲಕ್ಕೂ ಒಂದೇ ತೂಕ ಕೊಡುವುದರಿಂದ ಈ ಗೊಂದಲ ಹುಟ್ಟುತ್ತದೆ. ಕೆಲವು ನಿಯಮಗಳನ್ನು ಯಾವ ಪರಮಾಣುವೂ ಮೀರಲಾರದು. ಕೆಲವನ್ನು ಹಗುರ ಪರಮಾಣು ಪಾಲಿಸುತ್ತದೆ, ಭಾರದ ಪರಮಾಣು ಸಡಿಲಿಸುತ್ತದೆ. ಯಾವ ನಿಯಮ ಎಲ್ಲಿಂದ ಬಂತು ಎಂದು ತಿಳಿದರೆ ಯಾವುದು ಎಲ್ಲಿ ಸಡಿಲವಾಗುತ್ತದೆ ಎಂಬುದೂ ತಿಳಿಯುತ್ತದೆ.

ನಾನು ತುಮಕೂರಿನ ಪದವಿ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಮಧುಗಿರಿಯಿಂದಲೂ ಪಾವಗಡದಿಂದಲೂ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದ ಮಕ್ಕಳು ಕತ್ತಲೆ ಕೋಣೆಯಲ್ಲಿ ಪಾದರಸದ ದೀಪದ ಮುಂದೆ ಕುಳಿತು, ನೇರಳೆ, ನೀಲಿ, ಹಸಿರು, ಹಳದಿ ಗೆರೆಗಳ ಕೋನ ಬರೆದುಕೊಂಡು ಎದ್ದು ಹೋಗುತ್ತಿದ್ದರು. ನಿಮ್ಮ ಪ್ರಶ್ನೆಗೆ ಉತ್ತರ ಆ ಗೆರೆಗಳಲ್ಲೇ ಇದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನೇರಳೆ 404.7, ನೀಲಿ 435.8, ಹಸಿರು 546.1 ನ್ಯಾನೊಮೀಟರ್. ಈ ಮೂರೂ ಹೊರಡುವುದು 7.73 ಎಲೆಕ್ಟ್ರಾನ್ ವೋಲ್ಟ್ ಎತ್ತರದ ಒಂದೇ ಮಟ್ಟದಿಂದ. ಅದರ ಹೆಸರು ³S₁. ಇಳಿಯುವುದು ಮಾತ್ರ ಮೂರು ಬೇರೆ ಮಟ್ಟಗಳಿಗೆ: ನೇರಳೆಯದು 4.67ರಲ್ಲಿರುವ ³P₀ಗೆ, ನೀಲಿಯದು 4.89ರಲ್ಲಿರುವ ³P₁ಗೆ, ಹಸಿರಿನದು 5.46ರಲ್ಲಿರುವ ³P₂ಗೆ. ಅಂದರೆ ನೀವು ಕಣ್ಣಾರೆ ಕಾಣುವ ಒಂದೊಂದು ಬಣ್ಣವೂ ಪರಮಾಣುವನ್ನು ಒಂದೊಂದು ಮೆಟ್ಟಿಲಿನ ಮೇಲೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ನೆಲಕ್ಕೆ, ಅಂದರೆ ¹S₀ ಎಂಬ ತಳಸ್ಥಿತಿಗೆ, ಇಳಿಯುವುದು ಹೇಗೆ? ಅಕ್ಕಪಕ್ಕದಲ್ಲೇ ಇರುವ ಈ ಮೂರು ಮೆಟ್ಟಿಲುಗಳ ಪಾಡು ಒಂದೊಂದೂ ಬೇರೆ.

ಪರಮಾಣು ಬೆಳಕು ಸೂಸಬೇಕಾದರೆ ಅದರ ವಿದ್ಯುದಾವೇಶ ಅತ್ತಿತ್ತ ತೂಗಾಡಬೇಕು. ಇಳಿಯುವ ಹೊತ್ತಿನಲ್ಲಿ ಎಲೆಕ್ಟ್ರಾನ್ ಮೇಲಿನ ಸ್ಥಿತಿ ಮತ್ತು ಕೆಳಗಿನ ಸ್ಥಿತಿ ಎರಡೂ ಬೆರೆತ ಅವಸ್ಥೆಯಲ್ಲಿರುತ್ತದೆ. s ಅಲೆಗೆ ನ್ಯೂಕ್ಲಿಯಸ್ಸಿನ ಎರಡೂ ಕಡೆ ಒಂದೇ ಚಿಹ್ನೆ. p ಅಲೆಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ. ಇವೆರಡನ್ನೂ ಕೂಡಿಸಿದರೆ ಒಂದು ಪಕ್ಕದಲ್ಲಿ ಮೋಡ ದಟ್ಟವಾಗುತ್ತದೆ, ಇನ್ನೊಂದು ಪಕ್ಕದಲ್ಲಿ ತೆಳುವಾಗುತ್ತದೆ. ಎರಡು ಸ್ಥಿತಿಗಳ ಶಕ್ತಿ ಬೇರೆಯಾದ್ದರಿಂದ ಆ ದಟ್ಟ ಭಾಗ ಒಂದೇ ಕಡೆ ನಿಲ್ಲುವುದಿಲ್ಲ. ತಲೆಯ ಮೇಲೆ ಹೊತ್ತ ಬಿಂದಿಗೆಯ ನೀರಿನಂತೆ ಎಡಕ್ಕೂ ಬಲಕ್ಕೂ ತುಳುಕುತ್ತದೆ. ಆ ತುಳುಕಾಟವೇ ವಿದ್ಯುತ್ ದ್ವಿಧ್ರುವ, ಪರಮಾಣುವಿನ ಆಂಟೆನಾ. s ಮತ್ತು s ಬೆರೆತರೆ ಮೋಡ ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬಿ ಕುಗ್ಗುತ್ತದೆಯೇ ಹೊರತು ತುಳುಕುವುದಿಲ್ಲ. Δl = ±1 ಎಂಬ ನಿಯಮದ ಒಳಗಿರುವುದು ಇದೇ. ಹೈಡ್ರೋಜನ್ನಿನ 2p ಸ್ಥಿತಿ 1.6 ನ್ಯಾನೊಸೆಕೆಂಡಿನಲ್ಲಿ ಖಾಲಿಯಾದರೆ, ಹೆಚ್ಚುಕಡಿಮೆ ಅದೇ ಎತ್ತರದ 2s ಸ್ಥಿತಿ ತನ್ನ ಪಾಡಿಗೆ ಬಿಟ್ಟಾಗ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಉಳಿಯುತ್ತದೆ. ಕೊನೆಗೆ ಅದು ಒಟ್ಟಿಗೆ ಎರಡು ಫೋಟಾನ್ ಬಿಟ್ಟು ಇಳಿಯುತ್ತದೆ.

ನಮ್ಮ ಪಾದರಸದ ಮೂರು ಮೆಟ್ಟಿಲುಗಳಿಗೂ ಈ ತೊಡಕಿಲ್ಲ. ಮೂರರಲ್ಲೂ ಒಂದು ಎಲೆಕ್ಟ್ರಾನ್ 6pಯಲ್ಲಿದೆ, ಇಳಿಯಬೇಕಾದದ್ದು 6sಗೆ. ಅಡ್ಡ ಬರುವುದು ಬೇರೆ ಎರಡು ನಿಯಮಗಳು.

ಮೊದಲನೆಯದು ನೀವು ಕೇಳಿದ ಸ್ಪಿನ್ ನಿಯಮ. ಬೆಳಕಿನ ವಿದ್ಯುತ್ ಕ್ಷೇತ್ರ ಆವೇಶವನ್ನು ಎಳೆಯುತ್ತದೆ, ಸ್ಪಿನ್ನನ್ನು ಮುಟ್ಟುವುದಿಲ್ಲ. ³P ಮಟ್ಟಗಳಲ್ಲಿ ಹೊರಗಿನ ಎರಡು ಎಲೆಕ್ಟ್ರಾನುಗಳ ಸ್ಪಿನ್ ಒಂದಕ್ಕೊಂದು ಕೂಡಿಕೊಂಡಿದೆ, ತಳಸ್ಥಿತಿಯಲ್ಲಿ ಒಂದನ್ನೊಂದು ಕಳೆದಿದೆ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಎರಡನೆಯದು ಒಟ್ಟು ಕೋನೀಯ ಸಂವೇಗದ ನಿಯಮ. ದ್ವಿಧ್ರುವ ಫೋಟಾನ್ ಒಂದು ಏಕಮಾನ ಕೋನೀಯ ಸಂವೇಗ ಹೊತ್ತು ಹೋಗುತ್ತದೆ. ಹಾಗಾಗಿ J ಒಂದರಷ್ಟು ಬದಲಾಗಬಹುದು ಅಥವಾ ಹಾಗೆಯೇ ಉಳಿಯಬಹುದು, ಆದರೆ ಸೊನ್ನೆಯಿಂದ ಸೊನ್ನೆಗೆ ಹೋಗಲಾರದು. ಮೊದಲು ಸೊನ್ನೆ, ಕೊನೆಗೂ ಸೊನ್ನೆ ಎಂದಾದರೆ ಫೋಟಾನ್ ಒಯ್ದ ಒಂದು ಎಲ್ಲಿಂದ ಬಂತು?

ಈ ಎರಡನೆಯದು ಗಟ್ಟಿ ನಿಯಮ. ಮೊದಲನೆಯದು ಗಟ್ಟಿಯಲ್ಲ. ಸ್ಪಿನ್ ಬೇರೆ, ಕಕ್ಷೆಯ ಚಲನೆ ಬೇರೆ ಎಂದು ಎರಡನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಬಹುದು ಎಂಬ ಊಹೆಯ ಮೇಲೆ ಅದು ನಿಂತಿದೆ. ನ್ಯೂಕ್ಲಿಯಸ್ಸಿನ ಹತ್ತಿರ ವೇಗವಾಗಿ ಸುತ್ತುವ ಎಲೆಕ್ಟ್ರಾನಿಗೆ ನ್ಯೂಕ್ಲಿಯಸ್ಸಿನ ವಿದ್ಯುತ್ ಕ್ಷೇತ್ರದ ಒಂದು ಪಾಲು ಕಾಂತಕ್ಷೇತ್ರವಾಗಿ ಕಾಣುತ್ತದೆ, ಅದು ಸ್ಪಿನ್ನನ್ನು ತಿರುಗಿಸುತ್ತದೆ. ಹೀಲಿಯಂನಲ್ಲಿ ಎರಡೇ ಪ್ರೋಟಾನ್, ಈ ಪರಿಣಾಮ ಅತ್ಯಲ್ಪ. ಪಾದರಸದಲ್ಲಿ ಎಂಬತ್ತು ಪ್ರೋಟಾನ್. ಅಲ್ಲಿ ³P₁ ಎಂಬ ಮಟ್ಟ ಶುದ್ಧ ಟ್ರಿಪ್ಲೆಟ್ ಆಗಿ ಉಳಿಯದೆ, 6.70 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿರುವ ಸಿಂಗ್ಲೆಟ್ ¹P₁ನ ಗುಣವನ್ನು ಸ್ವಲ್ಪ ಬೆರೆಸಿಕೊಳ್ಳುತ್ತದೆ.

ಎಷ್ಟು ಬೆರೆತಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಲೆಕ್ಕ ಹಾಕಬಹುದು. ನನ್ನ ತರಗತಿಯಲ್ಲಿ ಇದನ್ನು ಪ್ರತಿ ವರ್ಷ ತಪ್ಪದೆ ಮಾಡಿಸುತ್ತಿದ್ದೆ. ¹P₁ ಮಟ್ಟದಿಂದ ನೆಲಕ್ಕೆ ಇಳಿಯುವಾಗ 184.9 ನ್ಯಾನೊಮೀಟರ್ ಗೆರೆ ಬರುತ್ತದೆ. ಅದಕ್ಕೆ ಯಾವ ತಡೆಯೂ ಇಲ್ಲ, ಆ ಮಟ್ಟದ ಆಯುಸ್ಸು ಸುಮಾರು 1.3 ನ್ಯಾನೊಸೆಕೆಂಡ್. ³P₁ ಮಟ್ಟದ ಆಯುಸ್ಸು ಸುಮಾರು 120 ನ್ಯಾನೊಸೆಕೆಂಡ್, ಅಂದರೆ ತೊಂಬತ್ತು ಪಟ್ಟು ನಿಧಾನ. ಈ ತೊಂಬತ್ತೂ ಸ್ಪಿನ್ ನಿಯಮದ ದಂಡವಲ್ಲ. ದ್ವಿಧ್ರುವ ಒಂದೇ ಆಗಿದ್ದರೂ ಇಳಿಯುವ ವೇಗ ಆವರ್ತಾಂಕದ ಘನವನ್ನು ಅನುಸರಿಸುತ್ತದೆ. 253.7ನ್ನು 184.9ರಿಂದ ಭಾಗಿಸಿದರೆ 1.37, ಅದರ ಘನ ಸುಮಾರು 2.6. ತೊಂಬತ್ತನ್ನು 2.6ರಿಂದ ಭಾಗಿಸಿದರೆ ಮೂವತ್ತೈದು, ಮೂವತ್ತಾರು ಉಳಿಯುತ್ತದೆ. ಹಾಗಾದರೆ ³P₁ ಒಳಗಿರುವ ಸಿಂಗ್ಲೆಟ್ ಪಾಲು ಮೂವತ್ತೈದರಲ್ಲಿ ಒಂದು, ಶೇಕಡ ಮೂರರ ಆಸುಪಾಸು.

ರಾಗಿ ಎಂದು ಬರೆದ ಚೀಲದಲ್ಲಿ ನೂರು ಸೇರಿಗೆ ಮೂರು ಸೇರು ಅಕ್ಕಿ ಬೆರೆತಂತೆ. ಒಂದು ಎಚ್ಚರಿಕೆ ಮಾತ್ರ ಬೇಕು: ನೂರು ಪರಮಾಣುಗಳಲ್ಲಿ ಮೂರು ಸಿಂಗ್ಲೆಟ್ ಎಂದು ಇದರ ಅರ್ಥವಲ್ಲ, ಪ್ರತಿಯೊಂದು ಪರಮಾಣುವೂ ತಾನೇ ಆ ಮಿಶ್ರಣ. ಫೋಟಾನ್ ಹೊರಬರುವುದು ಆ ಮೂರು ಪಾಲಿನ ಬಾಗಿಲಿನಿಂದ. ಹೀಲಿಯಂನಲ್ಲಿ ಇದೇ ಜಾತಿಯ ಗೆರೆ 59.1 ನ್ಯಾನೊಮೀಟರಿನಲ್ಲಿದೆ. ಅದು ಸೆಕೆಂಡಿಗೆ ಸುಮಾರು 180ರ ದರದಲ್ಲಿ ಇಳಿದರೆ, ಅದರ ಸಿಂಗ್ಲೆಟ್ ಜೋಡಿ ಸೆಕೆಂಡಿಗೆ ಸುಮಾರು 180 ಕೋಟಿಯ ದರದಲ್ಲಿ ಇಳಿಯುತ್ತದೆ. ಕೋಟಿಗೆ ಒಂದು. ಅಲ್ಲಿ ‘ನಿಷೇಧಿತ’ ಎಂಬ ಪದ ಸರಿಯಾಗಿ ಒಪ್ಪುತ್ತದೆ.

ಟ್ಯೂಬ್‌ಲೈಟಿನಲ್ಲಿ ಈ ತೊಂಬತ್ತು ಪಟ್ಟು ನಿಧಾನ ತೊಂದರೆ ಮಾಡದಿರುವುದಕ್ಕೂ ಕಾರಣವಿದೆ. ಒಳಗೆ ತುಂಬಿರುವುದು ಆರ್ಗಾನ್, ಅದರ ಮೊದಲ ಉದ್ರಿಕ್ತ ಮಟ್ಟವೇ 11.5 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ. ಪಾದರಸದ 4.89ನ್ನು ಕಸಿದುಕೊಂಡು ಇಟ್ಟುಕೊಳ್ಳಲು ಅದಕ್ಕೆ ಜಾಗವಿಲ್ಲ. ಆದ್ದರಿಂದ ಪರಮಾಣು ನಿಧಾನವಾದರೂ ಕೊನೆಗೆ ಫೋಟಾನನ್ನೇ ಬಿಡುತ್ತದೆ. ಆ ಫೋಟಾನನ್ನು ಪಕ್ಕದ ಪಾದರಸದ ಪರಮಾಣು ಹೀರಿ ಮತ್ತೆ ಬಿಡುತ್ತದೆ. ಹೀಗೆ ಹಲವು ಬಾರಿ ಕೈಬದಲಾಗಿ ಅದು ಗಾಜಿನ ಒಳಗೋಡೆಯ ಬಿಳಿ ಪುಡಿಯನ್ನು ತಲುಪಿ ಕಾಣುವ ಬೆಳಕಾಗುತ್ತದೆ. ಗಾಳಿ ನುಗ್ಗಿದ ಕೊಳವೆಯಲ್ಲಿ ಈ ಲೆಕ್ಕ ಕೆಡುತ್ತದೆ, ಏಕೆಂದರೆ ನೈಟ್ರೋಜನ್, ಆಕ್ಸಿಜನ್ ಅಣುಗಳು ಕಂಪಿಸಬಲ್ಲವು ಮತ್ತು ಡಿಕ್ಕಿಯಲ್ಲಿ ಆ ಶಕ್ತಿಯನ್ನು ತೆಗೆದುಕೊಳ್ಳಬಲ್ಲವು.

ಇನ್ನು ಉಳಿದ ಎರಡು ಮೆಟ್ಟಿಲುಗಳು. ಸ್ಪಿನ್ ಮತ್ತು ಕಕ್ಷೆ ಎಷ್ಟೇ ಬೆರೆತರೂ ಅವುಗಳ ಮೊತ್ತವಾದ J ಬದಲಾಗುವುದಿಲ್ಲ. ಆದ್ದರಿಂದ ¹P₁ ತನ್ನ ಪಾಲನ್ನು J = 1 ಇರುವ ³P₁ಗೆ ಮಾತ್ರ ಕೊಡಬಲ್ಲದು. ³P₀ ಮತ್ತು ³P₂ಗಳಿಗೆ ಆ ಮೂರು ಸೇರು ಅಕ್ಕಿ ದಕ್ಕುವುದೇ ಇಲ್ಲ. ³P₂ನಿಂದ ನೆಲಕ್ಕೆ J ಎರಡರಷ್ಟು ಇಳಿಯಬೇಕು. ದ್ವಿಧ್ರುವಕ್ಕೆ ಅದು ಆಗದ ಕೆಲಸ, ಬಹಳ ದುರ್ಬಲವಾದ ಕಾಂತೀಯ ಚತುರ್ಧ್ರುವದ ದಾರಿಯೊಂದಿದೆ ಅಷ್ಟೆ. ³P₀ಗೆ ಸೊನ್ನೆಯಿಂದ ಸೊನ್ನೆ. ಒಂದು ಫೋಟಾನಿನ ಮಟ್ಟಿಗೆ ಯಾವ ದಾರಿಯೂ ಇಲ್ಲ. ದೀಪದೊಳಗೆ ಈ ಮಟ್ಟಗಳಲ್ಲಿ ಸಿಕ್ಕಿಕೊಂಡ ಪರಮಾಣುಗಳನ್ನು ಬಿಡಿಸುವುದು ಬೆಳಕಲ್ಲ, ಎಲೆಕ್ಟ್ರಾನಿನ ಡಿಕ್ಕಿ, ಗೋಡೆಯ ಡಿಕ್ಕಿ. ಅದಕ್ಕೇ 265.6 ನ್ಯಾನೊಮೀಟರಿನಲ್ಲಿ ಬರಬೇಕಿದ್ದ ³P₀ ಗೆರೆ ನಿಮಗೆ ಸಿಗುವುದಿಲ್ಲ.

ಅಷ್ಟು ಗಟ್ಟಿಯಾದ ನಿಯಮಕ್ಕೂ ಒಂದು ಷರತ್ತಿದೆ, ಅದನ್ನು ಹೇಳದೆ ಬಿಡಲಾರೆ. ಒಟ್ಟು ಕೋನೀಯ ಸಂವೇಗ ಎಂದಾಗ ನಾವು ಎಲೆಕ್ಟ್ರಾನುಗಳದ್ದನ್ನು ಮಾತ್ರ ಕೂಡಿದ್ದೇವೆ. ಪಾದರಸದ 199 ಮತ್ತು 201 ದ್ರವ್ಯರಾಶಿಯ ಐಸೊಟೋಪುಗಳ ನ್ಯೂಕ್ಲಿಯಸ್ಸಿಗೂ ಸ್ಪಿನ್ ಇದೆ. ಅಲ್ಲಿ ಕಾಪಾಡಬೇಕಾದದ್ದು ನ್ಯೂಕ್ಲಿಯಸ್ಸನ್ನೂ ಸೇರಿಸಿದ ಮೊತ್ತ. ಆಗ J ಸ್ವಲ್ಪ ಸಡಿಲವಾಗಿ ³P₀ ಕೂಡ ಒಂದು ಕಣದಷ್ಟು ಬೆರೆಕೆ ಪಡೆಯುತ್ತದೆ ಮತ್ತು ಒಂದೆರಡು ಸೆಕೆಂಡಿನ ಆಯುಸ್ಸಿನೊಂದಿಗೆ 265.6ರ ಗೆರೆ ಕೊಡುತ್ತದೆ. ಅಷ್ಟು ದೀರ್ಘ ಆಯುಸ್ಸಿನ ಗೆರೆ ಅತ್ಯಂತ ಸಪೂರವಾಗಿರುತ್ತದೆ. 199ರ ಪಾದರಸದಿಂದ ಪರಮಾಣು ಗಡಿಯಾರ ಕಟ್ಟುವವರು ಬಳಸುವುದು ಇದೇ ಗೆರೆಯನ್ನು.

253.7ನ್ನು ನಿಮ್ಮ ಸ್ಪೆಕ್ಟ್ರೋಮೀಟರಿನಲ್ಲಿ ಹುಡುಕಬೇಡಿ. ಅದು ನೇರಳಾತೀತ, ಗಾಜು ಅದನ್ನು ನುಂಗುತ್ತದೆ, ಕಣ್ಣಿಗೆ ಅಪಾಯ ಕೂಡ. ಹೊರಗಾಜು ಒಡೆದ ಪಾದರಸದ ದೀಪವನ್ನು ಎಂದೂ ಹೊತ್ತಿಸಬೇಡಿ. ಆದರೆ ಸ್ಪಿನ್ ನಿಯಮ ಮೀರಿದ ಇನ್ನೊಂದು ಗೆರೆಯನ್ನು ನೀವು ಬರಿಗಣ್ಣಿನಿಂದಲೇ ನೋಡಬಹುದು. ಅದು ಹಳದಿ ಜೋಡಿಯಲ್ಲಿದೆ. 579.1ರ ಗೆರೆ ¹D₂ನಿಂದ ¹P₁ಗೆ ಇಳಿಯುತ್ತದೆ, ಅದು ನಿಯಮಬದ್ಧ. 577.0ರ ಗೆರೆ ³D₂ನಿಂದ ಅದೇ ¹P₁ಗೆ, ಅಂದರೆ ಟ್ರಿಪ್ಲೆಟ್ಟಿನಿಂದ ಸಿಂಗ್ಲೆಟ್ಟಿಗೆ. ಈ ಎರಡು D ಮಟ್ಟಗಳ ನಡುವಿನ ಅಂತರ 0.008 ಎಲೆಕ್ಟ್ರಾನ್ ವೋಲ್ಟ್ ಮಾತ್ರ. P ಮಟ್ಟಗಳ ನಡುವೆ ಅದು 1.8 ಇತ್ತು. ಮಟ್ಟಗಳು ಹತ್ತಿರವಾದಷ್ಟೂ ಬೆರೆಕೆ ಹೆಚ್ಚು. ಇಲ್ಲಿ ಎಷ್ಟು ಬೆರೆತಿವೆ ಎಂದರೆ ನಿಯಮ ಮೀರಿದ ಗೆರೆಯೂ ಪಾಲಿಸಿದ ಗೆರೆಯೂ ಹೆಚ್ಚುಕಡಿಮೆ ಒಂದೇ ಪ್ರಕಾಶದಲ್ಲಿ ಕಾಣುತ್ತವೆ.

ಇಂಚಿಗೆ 15,000 ಗೆರೆಗಳ ಗ್ರೇಟಿಂಗನ್ನು ಬೆಳಕಿಗೆ ಲಂಬವಾಗಿ ಇಟ್ಟರೆ ಮೊದಲ ಕ್ರಮಾಂಕದಲ್ಲಿ ಒಂದು 19 ಡಿಗ್ರಿ 55 ನಿಮಿಷಕ್ಕೆ, ಇನ್ನೊಂದು 20 ಡಿಗ್ರಿಗೆ ಬರುತ್ತದೆ. ವರ್ನಿಯರ್ ಒಂದು ನಿಮಿಷ ಓದುವುದರಿಂದ ನಾಲ್ಕೂವರೆ ನಿಮಿಷದ ಈ ಅಂತರ ಆರಾಮವಾಗಿ ಸಿಗುತ್ತದೆ. ಸೀಳುಕಿಂಡಿಯನ್ನು ಮಾತ್ರ ಚೆನ್ನಾಗಿ ಕಿರಿದು ಮಾಡಿಕೊಳ್ಳಿ, ಇಲ್ಲವಾದರೆ ಎರಡೂ ಅಂಟಿಕೊಂಡು ಒಂದೇ ಪಟ್ಟಿಯಾಗುತ್ತವೆ. ಬಿಡಿಬಿಡಿಯಾಗಿ ಕಂಡಾಗ, ನೇರ ಬಿಂಬಕ್ಕೆ ಹತ್ತಿರವಿರುವ ಹಳದಿಯೇ ΔS = 0 ನಿಯಮವನ್ನು ಮೀರಿ ಬಂದದ್ದು.