ಬೀದರ್ ಕೋಟೆಯ ವಿಡಿಯೊದಲ್ಲಿ ಮುಖದ ಬಣ್ಣ ಹೊಂದಿಸುವುದು

ಪ್ರಶ್ನೆ: ಬೀದರ್ ಕೋಟೆಯಲ್ಲಿ ಅಜ್ಜನ ಮಾತನ್ನು ಮೊಬೈಲಿನಲ್ಲಿ ಚಿತ್ರಿಸಿದೆ. ಒಂದು ಶಾಟ್‌ನಲ್ಲಿ ಮುಖ ಕೆಂಪು, ಇನ್ನೊಂದರಲ್ಲಿ ನೀಲಿ. ಏನು ಮಾಡಲಿ?

ಉತ್ತರ: ಕೋಟೆಯ ಜಂಬಿಟ್ಟಿಗೆ ಗೋಡೆಗೆ ಬಿದ್ದ ಬಿಸಿಲು ಕೆಂಪಾಗಿ ಪುಟಿದು ಕೆನ್ನೆಗೆ ಬಡಿಯುತ್ತದೆ, ತೆರೆದ ನೆರಳಿನಲ್ಲಿ ಆಕಾಶದ ನೀಲಿ ಬೀಳುತ್ತದೆ. ಮುಖ ಸಹಜವಾಗಿರುವ ಒಂದು ಶಾಟ್ ಆರಿಸಿ, ಉಳಿದವನ್ನು ಎಡಿಟಿಂಗ್ ಆ್ಯಪ್‌ನಲ್ಲಿ ಅದಕ್ಕೆ ಹೊಂದಿಸಿ.

ಮೊದಲು ಎಕ್ಸ್‌ಪೋಶರ್, ಅಂದರೆ ಬೆಳಕಿನ ಮಟ್ಟ: ಹಣೆಯ ಹೊಳಪು ಎರಡರಲ್ಲೂ ಒಂದೇ ಆಗಲಿ. ಬೆಳಕು ಹೊಂದದೆ ಬಣ್ಣ ಮುಟ್ಟಬೇಡಿ. ಬಳಿಕ ಅಜ್ಜನ ಬಿಳಿ ಧೋತರ ನೋಡುತ್ತಾ ಟೆಂಪರೇಚರ್ ಸರಿಸಿ: ಕೆಂಪು ಶಾಟ್‌ಗೆ ನೀಲಿಯತ್ತ, ನೀಲಿ ಶಾಟ್‌ಗೆ ಹಳದಿಯತ್ತ. ಆಮೇಲೂ ಕೆನ್ನೆ ಗುಲಾಬಿಯಾಗಿದ್ದರೆ ಟಿಂಟ್ ತುಸು ಹಸಿರಿನತ್ತ. ಧೋತರ ಅಪ್ಪಟ ಬಿಳುಪಾದರೂ ಮುಖ ಕಳೆಗುಂದಿದರೆ ಒಂದಿಷ್ಟು ಹಿಂದಕ್ಕೆ ಬನ್ನಿ. ನನಗೆ ಮುಖವೇ ಮುಖ್ಯ.

ಅರ್ಧ ಮುಖ ಮಾತ್ರ ಕೆಂಪಾಗಿದ್ದರೆ ಇದು ಸಾಲದು, ಆ ಭಾಗಕ್ಕಷ್ಟೇ ಮಾಸ್ಕ್ ಹಾಕಿ, ಅದರೊಳಗಿನ ಬಣ್ಣವನ್ನು ಮಾತ್ರ ತಿದ್ದಬೇಕು.