ಮಗಳ ಇಂಜಿನಿಯರಿಂಗ್‌ಗೆ ವರ್ಷಕ್ಕೆ ಎಷ್ಟು ಕೂಡಿಡಬೇಕು?

"ಚಿಕ್ಕಮಗಳೂರಲ್ಲಿದ್ದೇವೆ, ಮಗಳಿಗೆ 6 ವರ್ಷ. ಕಾಫಿ ಮಾರಿದಾಗ ಮಾತ್ರ ಕೈಗೆ ದುಡ್ಡು. ಎಷ್ಟು ತೆಗೆದಿಡಬೇಕು?"

ಬೆಂಗಳೂರಲ್ಲಿ ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು ಸೇರಿ ಇವತ್ತಿಗೆ 10 ಲಕ್ಷ ಅಂತಿಟ್ಟುಕೊಳ್ಳಿ. ಕಾಲೇಜಿಗೆ 12 ವರ್ಷವಿದೆ. ಫೀಸಿಗೆ ಸಾಮಾನ್ಯ ಹಣದುಬ್ಬರದ 6% ಹಿಡಿದರೆ 20 ಲಕ್ಷ ಬರುತ್ತದೆ, ಎಡವುವುದೇ ಇಲ್ಲಿ. ಕಾಲೇಜು ಫೀಸು ಅದಕ್ಕಿಂತ ಬೇಗ ಏರುತ್ತದೆ, 10% ಹಿಡಿಯಿರಿ:

`10 × 1.10^12 = 31.4` ಲಕ್ಷ

ಈಕ್ವಿಟಿ ಫಂಡ್ 11% ಕೊಟ್ಟರೆ (ಖಾತ್ರಿಯಿಲ್ಲ), ಇಂದಿನಿಂದ ಪ್ರತಿ ವರ್ಷ ಸುಮಾರು 1.25 ಲಕ್ಷ ಹಾಕಬೇಕು. ಕೊನೆಯ ಮೂರು ವರ್ಷ ಸ್ವಲ್ಪಸ್ವಲ್ಪವಾಗಿ ಎಫ್‌ಡಿಗೆ ಸಾಗಿಸಿ. ಅಡ್ಮಿಷನ್ ಹೊತ್ತಿಗೆ ಮಾರುಕಟ್ಟೆ ಬಿದ್ದರೆ ಕಾಯಲು ಸಮಯ ಇರುವುದಿಲ್ಲ.

ಸುಕನ್ಯಾ ಸಮೃದ್ಧಿಯೊಂದನ್ನೇ ನಂಬಬೇಡಿ. ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ, ಅಂದರೆ ಈಗ ತೆರೆದರೆ ಮಗಳಿಗೆ 27 ಆದಾಗ. ಓದಿಗೆಂದು ಮೊದಲೇ ತೆಗೆಯಬಹುದಾದದ್ದು ಹಿಂದಿನ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಮಾತ್ರ.