ಭಾನುವಾರ ರಾತ್ರಿ ಮಾತ್ರ ನಿದ್ದೆ ಯಾಕೆ ಬರಲ್ಲ?

ವಾರವೆಲ್ಲ ಚೆನ್ನಾಗೇ ಮಲಗ್ತೀನಿ, ಭಾನುವಾರ ರಾತ್ರಿ ಮಾತ್ರ ಸೋಮವಾರದ ಆಫೀಸ್ ನೆನಪಾಗಿ ನಿದ್ದೆನೇ ಬರಲ್ಲ, ಯಾಕೆ?

ಟೆನ್ಷನ್ ಒಂದೇ ಕಾರಣ ಅಲ್ಲ, ಇದು ಬೆಳಿಗ್ಗೆನೇ ಶುರುವಾಗಿರುತ್ತೆ. ದಿನಾ 6:30ಕ್ಕೆ ಏಳೋರು ಭಾನುವಾರ 10ಕ್ಕೆ ಎದ್ದು, ಬಾಡೂಟ ಹೊಡೆದು ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿ, ಆಮೇಲೆ ನಾಳೆ ಬೇಗ ಏಳ್ಬೇಕು ಅಂತ ರಾತ್ರಿ 10:30ಕ್ಕೇ ಮಲಗಿದ್ರೆ ಎಚ್ಚರ ಇದ್ದಿದ್ದೇ ಹನ್ನೊಂದೂವರೆ ಗಂಟೆ, ಮಾಮೂಲಿ ದಿನ ಆದ್ರೆ 16 ಗಂಟೆ. ನಿದ್ದೆ ಎಲ್ಲಿಂದ ಬರ್ಬೇಕು? ಹಿಂದಿನ ಎರಡು ರಾತ್ರಿ ಲೇಟಾಗಿ ಮಲಗಿದ್ರೆ ಬಾಡಿ ಕ್ಲಾಕೂ ತಡವಾಗಿರುತ್ತೆ.

ಹಿಂಗೆ ಕತ್ತಲಲ್ಲಿ ಸುಮ್ನೆ ಬಿದ್ಕೊಂಡಿರೋ ಟೈಮಲ್ಲೇ ಸೋಮವಾರದ ಮೀಟಿಂಗ್ ತಲೆಗೆ ಬರೋದು, ನಾಳೆ ಆಗೋದಕ್ಕೆ ದೇಹ ಈಗ್ಲೇ ರೆಡಿಯಾಗುತ್ತೆ, ಎದೆಬಡಿತ ಏರುತ್ತೆ, ಆಮೇಲೆ ಮೊಬೈಲಲ್ಲಿ ಟೈಮ್ ನೋಡಿ "ಅಯ್ಯೋ ಇನ್ನು ಐದೇ ಗಂಟೆ" ಅನ್ನೋ ಇನ್ನೊಂದು ಭಯ.

ಭಾನುವಾರ ಏಳೋದು ಒಂದು ಗಂಟೆಗಿಂತ ಜಾಸ್ತಿ ತಡ ಬೇಡ, ಕಣ್ಣು ಎಳೆಯೋವರೆಗೂ ಹಾಸಿಗೆಗೆ ಹೋಗ್ಬೇಡಿ. ಮಲಗೋ ಮುಂಚೆ ಐದು ನಿಮಿಷ ನಾಳೆ ಮಾಡೋ ಕೆಲಸ ಪೇಪರಲ್ಲಿ ಬರೀರಿ. ಅಮೆರಿಕದ ಬೇಲರ್ ಯೂನಿವರ್ಸಿಟಿಯವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಿಂಗೆ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಗೆ ಜಾರಿದ್ರು. "ಪ್ರಾಜೆಕ್ಟ್" ಅಂತಷ್ಟೇ ಬೇಡ, ಬಿಡಿಬಿಡಿಯಾಗಿ ಬರೀರಿ. ವಾರಕ್ಕೆ ಮೂರ್ನಾಲ್ಕು ರಾತ್ರಿ ಹಿಂಗೇ ಆದ್ರೆ ಅದು ಬೇರೆ ಕೇಸು, ಡಾಕ್ಟರ್‌ಗೆ ತೋರಿಸಿ.